ಎರಡು ಟಿಬಿ ಪೆನ್‌ಡ್ರೈವ್ ಐನೂರು ರೂಪಾಯಿಗೆ ಸಿಕ್ಕರೆ

ಆನ್‌ಲೈನ್ ಅಂಗಡಿಗಳಲ್ಲಿ ಆಗಾಗ ಕಣ್ಣಿಗೆ ಬೀಳುವ ಜಾಹೀರಾತು ಇದು: 2 ಟಿಬಿ ಪೆನ್‌ಡ್ರೈವ್, ಬೆಲೆ ಬರೀ 500 ರೂಪಾಯಿ. ತರಿಸಿ ಕಂಪ್ಯೂಟರಿಗೆ ಚುಚ್ಚಿದರೆ ಪರದೆಯೂ 2 ಟಿಬಿ ಎಂದೇ ತೋರಿಸುತ್ತದೆ. ಒಳಗಿರುವ ಚಿಪ್ ಮಾತ್ರ 32 ಜಿಬಿಯದ್ದಾಗಿರಬಹುದು.

ಪೆನ್‌ಡ್ರೈವ್‌ನಲ್ಲಿ ಮಾಹಿತಿ ಕೂಡಿಡುವ ಚಿಪ್ ಒಂದು, ಅದನ್ನು ನಡೆಸುವ ಕಂಟ್ರೋಲರ್ ಇನ್ನೊಂದು. ಎಷ್ಟು ಜಾಗವಿದೆ ಎಂದು ಕಂಪ್ಯೂಟರಿಗೆ ಹೇಳುವುದು ಕಂಟ್ರೋಲರ್. ಮೋಸಗಾರರು ಅದರೊಳಗಿನ ತಂತ್ರಾಂಶವನ್ನು ತಿದ್ದಿ ಸುಳ್ಳು ಹೇಳಿಸುತ್ತಾರೆ. ಮೊದಲ 32 ಜಿಬಿ ತುಂಬುವವರೆಗೆ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಆಮೇಲೆ ಹಾಕಿದ ಮದುವೆಯ ವಿಡಿಯೊ ಹಳೆಯ ಫೋಟೊಗಳ ಮೇಲೆ ಬರೆದುಕೊಳ್ಳುತ್ತದೆ, ಇಲ್ಲವೇ ಎಲ್ಲಿಯೂ ಉಳಿಯುವುದಿಲ್ಲ. ಫೈಲುಗಳ ಹೆಸರಿನ ಪಟ್ಟಿ ಸಾಮಾನ್ಯವಾಗಿ ಚಿಪ್ಪಿನ ಆರಂಭದಲ್ಲೇ ಇರುವುದರಿಂದ ಹೆಸರು, ಗಾತ್ರ ಎಲ್ಲ ಕಾಣುತ್ತವೆ. ತೆರೆಯಲು ಹೋದಾಗಲೇ ಫೈಲ್ ಕೆಟ್ಟಿರುವುದು ಗೊತ್ತಾಗುವುದು. ಅಷ್ಟರಲ್ಲಿ ಮರಳಿಸುವ ಗಡುವು ಮುಗಿದಿರುತ್ತದೆ.

ಅಸಲಿ 64 ಜಿಬಿ ಕಾರ್ಡ್ ವಿಂಡೋಸ್‌ನಲ್ಲಿ ಸುಮಾರು 59 ಜಿಬಿ ಎಂದು ತೋರಿಸಿದರೆ ಗಾಬರಿ ಬೇಡ. ತಯಾರಕರು ಒಂದು ಜಿಬಿಗೆ ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ, ವಿಂಡೋಸ್ 107 ಕೋಟಿಗೂ ಹೆಚ್ಚು ಎಣಿಸುತ್ತದೆ. ವ್ಯತ್ಯಾಸ ಲೆಕ್ಕದ್ದು, ಮೋಸದ್ದಲ್ಲ.

ನಿಜ ಗಾತ್ರ ತಿಳಿಯಲು ಇಡೀ ಕಾರ್ಡನ್ನು ತುಂಬಿಸಿ, ತುಂಬಿಸಿದ್ದನ್ನು ಮತ್ತೆ ಓದಿ ನೋಡಬೇಕು. ವಿಂಡೋಸ್‌ನಲ್ಲಿ H2testw ಎಂಬ ಉಚಿತ ತಂತ್ರಾಂಶ ಈ ಕೆಲಸ ಮಾಡುತ್ತದೆ. ಲಿನಕ್ಸ್ ಮತ್ತು ಮ್ಯಾಕ್‌ಗೆ F3 ಇದೆ. ಖಾಲಿ ಕಾರ್ಡ್ ಹಾಕಿ, H2testwನಲ್ಲಿ Write + Verify ಒತ್ತಿ. ಕೊನೆಗೆ Test finished without errors ಎಂದು ಬಂದರೆ ಕಾರ್ಡ್ ಅಸಲಿ. ಎಷ್ಟೋ ಜಿಬಿ DATA LOST ಎಂದು ಬಂದರೆ ಆ ಪರದೆಯ ಚಿತ್ರ ತೆಗೆದಿಟ್ಟುಕೊಂಡು ಕೂಡಲೇ ಮರಳಿಸಿ. ಸೆಕೆಂಡಿಗೆ 10 ಎಂಬಿ ಬರೆಯುವ 64 ಜಿಬಿ ಕಾರ್ಡನ್ನು ತುಂಬಿಸಲಿಕ್ಕೇ ಒಂದೂಮುಕ್ಕಾಲು ಗಂಟೆ ಬೇಕು, ತಾಳ್ಮೆಯಿರಲಿ.

ಈ ಪರೀಕ್ಷೆಯಲ್ಲೇ ಬರೆಯುವ ವೇಗವೂ ತಿಳಿಯುತ್ತದೆ. ಪ್ಯಾಕಿನ ಮೇಲೆ ದಪ್ಪಕ್ಷರದಲ್ಲಿರುವ '100 ಎಂಬಿವರೆಗೆ' ಎಂಬುದು ಸಾಮಾನ್ಯವಾಗಿ ಓದುವ ವೇಗದ ಗರಿಷ್ಠ ಮಿತಿ. ವಿಡಿಯೊ ತೆಗೆಯುವವರು ನೋಡಬೇಕಾದದ್ದು ಕನಿಷ್ಠ ಬರೆಯುವ ವೇಗವನ್ನು. C10 ಅಥವಾ U1 ಎಂದರೆ ಸೆಕೆಂಡಿಗೆ ಕನಿಷ್ಠ 10 ಎಂಬಿ. U3 ಅಥವಾ V30 ಎಂದರೆ 30 ಎಂಬಿ. 4ಕೆ ವಿಡಿಯೊಗೆ V30 ಕೊಳ್ಳಿ. ನಕಲಿ ಕಾರ್ಡಿನ ಮೇಲೂ ಈ ಗುರುತು ಮುದ್ರಿಸಿರುತ್ತಾರೆ ಎಂಬುದು ನೆನಪಿರಲಿ.

ಮಾರಾಟಗಾರ ಹಣ ಹಿಂದಿರುಗಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಿ. ಪರೀಕ್ಷೆ ಮುಗಿಯುವ ತನಕ ಮಾತ್ರ ಒಂದು ಫೋಟೊವನ್ನೂ ಹೊಸ ಕಾರ್ಡಿಗೆ ಒಪ್ಪಿಸಬೇಡಿ.