40 ಆಸನ, 41 ಹೆಸರು: ಡೇಟಾಬೇಸಿನ ಪ್ರತ್ಯೇಕತೆಯ ಮಟ್ಟಗಳು

ಒಂದು ತರಬೇತಿ ಶಿಬಿರಕ್ಕೆ 40 ಮಂದಿಗೆ ಮಾತ್ರ ಅವಕಾಶವಿದೆ ಎಂದುಕೊಳ್ಳಿ. ಹೆಸರು ನೋಂದಾಯಿಸುವ ತಂತ್ರಾಂಶವು ಮೊದಲು ಈಗಾಗಲೇ ಎಷ್ಟು ಹೆಸರುಗಳಿವೆ ಎಂದು ಎಣಿಸುತ್ತದೆ. ಎಣಿಕೆ 40ಕ್ಕಿಂತ ಕಡಿಮೆ ಇದ್ದರೆ ಹೊಸ ಹೆಸರನ್ನು ಸೇರಿಸುತ್ತದೆ. 39 ಹೆಸರುಗಳಿರುವಾಗ ಹಾಸನದಿಂದ ಒಬ್ಬರು, ಬೀದರಿನಿಂದ ಒಬ್ಬರು ಒಂದೇ ಕ್ಷಣದಲ್ಲಿ ಅರ್ಜಿ ಸಲ್ಲಿಸುತ್ತಾರೆ. ಮರುದಿನ ಪಟ್ಟಿ ತೆಗೆದು ನೋಡಿದರೆ ಅದರಲ್ಲಿ 41 ಹೆಸರುಗಳಿವೆ! ತಂತ್ರಾಂಶದಲ್ಲಿ ಲೆಕ್ಕದ ತಪ್ಪಿಲ್ಲ, ಡೇಟಾಬೇಸೂ ಕೆಟ್ಟಿಲ್ಲ. ಹಾಗಾದರೆ ಈ ಹೆಚ್ಚುವರಿ ಹೆಸರು ಎಲ್ಲಿಂದ ಬಂತು?

ತಂತ್ರಾಂಶ ಕಂಪನಿಗಳ ಸಂದರ್ಶನಗಳಲ್ಲಿ ಡರ್ಟಿ ರೀಡ್, ಫ್ಯಾಂಟಮ್ ರೀಡ್ ಎಂದರೇನು ಎಂದು ಕೇಳುವುದರ ಹಿಂದೆ ಇರುವುದು ಇದೇ ಪ್ರಶ್ನೆ. ನಾಲ್ಕು ಮಟ್ಟಗಳ ಹೆಸರುಗಳನ್ನು ಬಾಯಿಪಾಠ ಮಾಡಿದವರು ಮೊದಲ ಪ್ರಶ್ನೆಗೆ ಸುಲಭವಾಗಿ ಉತ್ತರಿಸುತ್ತಾರೆ. ಎರಡನೆಯ ಪ್ರಶ್ನೆಗೆ ತಡವರಿಸುತ್ತಾರೆ. ಆದ್ದರಿಂದ ಈ ಒಂದೇ ಶಿಬಿರವನ್ನು ಹಿಡಿದುಕೊಂಡು ಕೊನೆಯವರೆಗೆ ಹೋಗೋಣ.

ಮೂರು ಬಗೆಯ ತೊಡಕು

ಒಂದಾಗಿಯೇ ನಡೆಯಬೇಕಾದ, ಇಲ್ಲವೇ ಒಂದಾಗಿಯೇ ರದ್ದಾಗಬೇಕಾದ ಕೆಲಸಗಳ ಕಟ್ಟನ್ನು ಟ್ರಾನ್ಸಾಕ್ಷನ್ ಎನ್ನುತ್ತಾರೆ. ನಾವು ಅದನ್ನು ವಹಿವಾಟು ಎಂದು ಕರೆಯೋಣ. ನಮ್ಮ ಶಿಬಿರದ ವಹಿವಾಟು ಹೀಗಿದೆ:

```sql
BEGIN;
SELECT count(*) FROM entries WHERE camp_id = 7;
-- 40ಕ್ಕಿಂತ ಕಡಿಮೆ ಇದ್ದರೆ ಮಾತ್ರ
INSERT INTO entries (camp_id, name) VALUES (7, '...');
COMMIT;
```

`COMMIT` ಆಗುವವರೆಗೆ ಈ ಕೆಲಸ ಕಾಯಂ ಅಲ್ಲ. ಹಾಸನದ ವಹಿವಾಟು ಹೆಸರು ಸೇರಿಸಿದೆ, ಆದರೆ ಇನ್ನೂ ಕಾಯಂ ಮಾಡಿಲ್ಲ. ಅಷ್ಟರಲ್ಲಿ ಬೀದರಿನ ವಹಿವಾಟು ಎಣಿಸಿ 40 ಎಂದು ಕಂಡುಕೊಂಡು, ಜಾಗವಿಲ್ಲವೆಂದು ಅರ್ಜಿದಾರರನ್ನು ಹಿಂದಕ್ಕೆ ಕಳಿಸುತ್ತದೆ. ಆಮೇಲೆ ಹಾಸನದವರ ಶುಲ್ಕ ಪಾವತಿ ವಿಫಲವಾಗಿ ಅವರ ವಹಿವಾಟು ರದ್ದಾಗುತ್ತದೆ. ನಡೆಯದೇ ಹೋದ ಸಂಗತಿಯೊಂದನ್ನು ಓದಿ ಬೀದರಿನವರು ಆಸನ ಕಳೆದುಕೊಂಡರು. ಕಾಯಂ ಆಗದ ಮಾಹಿತಿಯನ್ನು ಹೀಗೆ ಓದುವುದೇ ಡರ್ಟಿ ರೀಡ್.

ಇನ್ನೊಂದು ತೊಡಕು ಇದೆ. ವಹಿವಾಟಿನ ಆರಂಭದಲ್ಲಿ ಶಿಬಿರದ ಶುಲ್ಕ 500 ರೂಪಾಯಿ ಎಂದು ಓದಿದಿರಿ. ಈ ನಡುವೆ ಕಚೇರಿಯವರು ಅದನ್ನು 600ಕ್ಕೆ ಏರಿಸಿ ಕಾಯಂ ಮಾಡಿದರು. ಅದೇ ವಹಿವಾಟಿನಲ್ಲಿ ಅದೇ ಸಾಲನ್ನು ಮತ್ತೆ ಓದಿದರೆ 600 ಬರುತ್ತದೆ. ಇದು ನಾನ್-ರಿಪೀಟಬಲ್ ರೀಡ್. ಇನ್ನು ಮೂರನೆಯದು: ಮೊದಲು ಎಣಿಸಿದಾಗ 39, ಸ್ವಲ್ಪ ಹೊತ್ತಿನ ನಂತರ ಎಣಿಸಿದಾಗ 40. ನೀವು ಓದಿದ್ದ ಯಾವ ಸಾಲೂ ಬದಲಾಗಿಲ್ಲ, ಆದರೆ ನಿಮ್ಮ ಷರತ್ತಿಗೆ ಹೊಂದುವ ಹೊಸ ಸಾಲೊಂದು ಭೂತದಂತೆ ಎದ್ದು ನಿಂತಿದೆ. ಇದೇ ಫ್ಯಾಂಟಮ್ ರೀಡ್. ಇದನ್ನು ತಡೆಯುವುದು ಹೆಚ್ಚು ಕಷ್ಟ. ಇರುವ ಸಾಲಿಗೆ ಬೀಗ ಹಾಕಬಹುದು. ಇನ್ನೂ ಹುಟ್ಟಿರದ ಸಾಲಿಗೆ ಬೀಗ ಹಾಕುವುದು ಹೇಗೆ?

1992ರ ಎಸ್‌ಕ್ಯೂಎಲ್ ಮಾನಕವು ಈ ಮೂರು ತೊಡಕುಗಳನ್ನೇ ಅಳತೆಗೋಲಾಗಿ ಇಟ್ಟುಕೊಂಡು ನಾಲ್ಕು ಮಟ್ಟಗಳನ್ನು ಹೇಳಿತು. ರೀಡ್ ಅನ್‌ಕಮಿಟೆಡ್ ಮಟ್ಟದಲ್ಲಿ ಮೂರೂ ಸಂಭವಿಸಬಹುದು. ರೀಡ್ ಕಮಿಟೆಡ್ ಡರ್ಟಿ ರೀಡ್ ಅನ್ನು ತಡೆಯುತ್ತದೆ. ರಿಪೀಟಬಲ್ ರೀಡ್ ಮೊದಲ ಎರಡನ್ನು ತಡೆಯುತ್ತದೆ. ಸೀರಿಯಲೈಜಬಲ್ ಮೂರನ್ನೂ ತಡೆಯುತ್ತದೆ. ಹೆಚ್ಚಿನ ಅಭ್ಯರ್ಥಿಗಳ ಉತ್ತರ ಇಲ್ಲಿಗೆ ಮುಗಿಯುತ್ತದೆ. ತಿಳಿದ ಸಂದರ್ಶಕರು ಇಲ್ಲಿಂದ ಮುಂದಕ್ಕೆ ಕೇಳುತ್ತಾರೆ.

ಕಾಣದ ಭೂತ

ಪೋಸ್ಟ್‌ಗ್ರೆಸ್‌ನಲ್ಲಿ ರಿಪೀಟಬಲ್ ರೀಡ್ ಮಟ್ಟವು ಮಾನಕ ಕೇಳಿದ್ದಕ್ಕಿಂತ ಹೆಚ್ಚನ್ನೇ ಕೊಡುತ್ತದೆ. ಅಲ್ಲಿ ಫ್ಯಾಂಟಮ್ ರೀಡ್ ಕೂಡ ಆಗುವುದಿಲ್ಲ. ಹಾಗಾದರೆ ಆ ಮಟ್ಟದಲ್ಲಿ ನಮ್ಮ ಶಿಬಿರ ಸುರಕ್ಷಿತವೇ? ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಈ ಮಟ್ಟದಲ್ಲಿ ವಹಿವಾಟಿನ ಮೊದಲ ಪ್ರಶ್ನೆ ಬಂದಾಗ ಡೇಟಾಬೇಸಿನ ಆ ಕ್ಷಣದ ಸ್ಥಿತಿಯೇ ಆ ವಹಿವಾಟಿಗೆ ಗೊತ್ತಾಗುತ್ತದೆ. ಛಾಯಾಚಿತ್ರ ತೆಗೆದಿಟ್ಟುಕೊಂಡಂತೆ ಎನ್ನಬಹುದು. ಮುಂದಿನ ಎಲ್ಲ ಓದುಗಳೂ ಆ ಚಿತ್ರದಿಂದಲೇ. ಹಾಸನದ ವಹಿವಾಟು ಎಣಿಸಿತು: 39. ಬೀದರಿನ ವಹಿವಾಟೂ ಎಣಿಸಿತು: 39. ಹಾಸನದ್ದು ಹೆಸರು ಸೇರಿಸಿ ಕಾಯಂ ಮಾಡಿತು. ಬೀದರಿನದು ಮತ್ತೊಮ್ಮೆ ಎಣಿಸಿದರೂ ತನ್ನ ಹಳೆಯ ಚಿತ್ರದಲ್ಲಿ ಕಾಣುವುದು 39 ಮಾತ್ರ. ಅದೂ ಹೆಸರು ಸೇರಿಸಿ ಕಾಯಂ ಮಾಡಿತು. ಇಬ್ಬರೂ ಸೇರಿಸಿದ್ದು ಬೇರೆ ಬೇರೆ ಸಾಲುಗಳಾದ್ದರಿಂದ ಒಂದಕ್ಕೊಂದು ಘರ್ಷಣೆಯೂ ಇಲ್ಲ. ಒಟ್ಟು 41.

ಗಮನಿಸಿ: ಇಲ್ಲಿ ಡರ್ಟಿ ರೀಡ್ ಇಲ್ಲ, ನಾನ್-ರಿಪೀಟಬಲ್ ರೀಡ್ ಇಲ್ಲ, ಫ್ಯಾಂಟಮ್ ರೀಡ್ ಕೂಡ ಇಲ್ಲ. ಮಾನಕದ ಮೂರೂ ಪರೀಕ್ಷೆಗಳಲ್ಲಿ ಪಾಸಾದರೂ ಫಲಿತಾಂಶ ತಪ್ಪಾಗಿದೆ. ಭೂತ ಕಾಣಿಸಿಕೊಂಡಿದ್ದರೆ ಬೀದರಿನ ವಹಿವಾಟು ನಿಲ್ಲುತ್ತಿತ್ತು. ಕಾಣದೇ ಹೋದದ್ದೇ ತೊಂದರೆಯಾಯಿತು.

ಸರಿಯಾದ ಪರೀಕ್ಷೆ ಯಾವುದು? ಈ ಎರಡು ವಹಿವಾಟುಗಳನ್ನು ಒಂದರ ನಂತರ ಒಂದು ನಡೆಸಿದ್ದರೆ ಇದೇ ಫಲಿತಾಂಶ ಬರುತ್ತಿತ್ತೇ ಎಂದು ಕೇಳಿಕೊಳ್ಳಿ. ಹಾಸನದ್ದು ಮೊದಲಾಗಿದ್ದರೆ ಬೀದರಿನದು 40 ಎಂದು ಕಾಣಬೇಕಿತ್ತು. ಬೀದರಿನದು ಮೊದಲಾಗಿದ್ದರೆ ಹಾಸನದ್ದು 40 ಎಂದು ಕಾಣಬೇಕಿತ್ತು. ಎರಡೂ 39 ಕಾಣುವ ಸರದಿ ಯಾವುದೂ ಇಲ್ಲ. ಆದ್ದರಿಂದ ಇದು ಸೀರಿಯಲೈಜಬಲ್ ಅಲ್ಲ. ಹೀಗೆ ಇಬ್ಬರೂ ಒಂದೇ ಹಳೆಯ ಚಿತ್ರವನ್ನು ನಂಬಿ ಬೇರೆ ಬೇರೆ ಸಾಲುಗಳನ್ನು ಬರೆದು, ಒಟ್ಟಾಗಿ ನಿಯಮ ಮುರಿಯುವುದಕ್ಕೆ ರೈಟ್ ಸ್ಕ್ಯೂ ಎಂಬ ಹೆಸರಿದೆ. ಮಾನಕದ ವ್ಯಾಖ್ಯೆಗಳು ಇಂಥದನ್ನು ಹಿಡಿಯುವುದಿಲ್ಲವೆಂದು ಹಾಲ್ ಬೆರೆನ್ಸನ್, ಫಿಲ್ ಬರ್ನ್‌ಸ್ಟೈನ್, ಜಿಮ್ ಗ್ರೇ ಮೊದಲಾದವರು 1995ರ ತಮ್ಮ ಪ್ರಬಂಧದಲ್ಲಿ ತೋರಿಸಿದರು.

ಹೆಸರು ಒಂದೇ, ನಡತೆ ಬೇರೆ

ಹಾಗಾದರೆ ಸೀರಿಯಲೈಜಬಲ್ ಎಂದು ಬರೆದರೆ ಸಾಕೇ? ಅದು ನೀವು ಬಳಸುವ ಡೇಟಾಬೇಸನ್ನು ಅವಲಂಬಿಸಿದೆ. ಒರಾಕಲ್‌ನಲ್ಲಿ ಆ ಹೆಸರಿನ ಮಟ್ಟವು ಮೇಲೆ ಹೇಳಿದ ಛಾಯಾಚಿತ್ರದ ವಿಧಾನವೇ ಆಗಿದೆ. ಅಲ್ಲಿ 41ನೆಯ ಹೆಸರು ನುಸುಳಬಹುದು. ಪೋಸ್ಟ್‌ಗ್ರೆಸ್ ಕೂಡ ಮೊದಲು ಹಾಗೆಯೇ ಇತ್ತು. 2011ರ 9.1 ಆವೃತ್ತಿಯಿಂದ ಅದು ಯಾರು ಏನನ್ನು ಓದಿದರು, ಯಾರ ಬರಹ ಅದನ್ನು ಹಳತಾಗಿಸಿತು ಎಂಬುದರ ಜಾಡು ಹಿಡಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಒಂದು ವಹಿವಾಟು ಯಶಸ್ವಿಯಾಗಿ, ಇನ್ನೊಂದಕ್ಕೆ ಈ ದೋಷ ಬರುತ್ತದೆ:

```
ERROR: could not serialize access due to
read/write dependencies among transactions
```

ಇದರ ಸಂಕೇತ ಸಂಖ್ಯೆ `40001`. ಇದು ಅರ್ಜಿದಾರರಿಗೆ ತೋರಿಸಬೇಕಾದ ದೋಷವಲ್ಲ. ತಂತ್ರಾಂಶವು ಇಡೀ ವಹಿವಾಟನ್ನು, ಎಣಿಕೆಯೂ ಸೇರಿದಂತೆ, ಮೊದಲಿನಿಂದ ಮತ್ತೆ ನಡೆಸಬೇಕು. ಎರಡನೆಯ ಸಲ ಎಣಿಕೆ 40 ಎಂದು ಬಂದು, ಜಾಗವಿಲ್ಲ ಎಂಬ ಸರಿಯಾದ ಉತ್ತರ ಸಿಗುತ್ತದೆ. ಮತ್ತೆ ನಡೆಸುವ ಈ ವ್ಯವಸ್ಥೆ ಬರೆಯದೆ ಮಟ್ಟವನ್ನು ಮಾತ್ರ ಏರಿಸಿದರೆ ಬಳಕೆದಾರರಿಗೆ ಕಾರಣವಿಲ್ಲದ ದೋಷಗಳು ಕಾಣತೊಡಗುತ್ತವೆ. ಇನ್ನೊಂದು ಷರತ್ತೂ ಇದೆ: ಆ ಕೋಷ್ಟಕಕ್ಕೆ ಬರೆಯುವ ಎಲ್ಲ ವಹಿವಾಟುಗಳೂ ಇದೇ ಮಟ್ಟದಲ್ಲಿರಬೇಕು. ಒಂದು ಕೆಳ ಮಟ್ಟದಲ್ಲಿದ್ದರೂ ಭರವಸೆ ಉಳಿಯದು.

ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿಯಲ್ಲಿ ದಾರಿ ಬೇರೆ. ಅಲ್ಲಿ ತಾನಾಗಿಯೇ ಇರುವ ಮಟ್ಟ ರಿಪೀಟಬಲ್ ರೀಡ್. ಪೋಸ್ಟ್‌ಗ್ರೆಸ್‌ನಲ್ಲಾದರೋ ರೀಡ್ ಕಮಿಟೆಡ್. ಇನ್ನೋಡಿಬಿಯನ್ನು ಸೀರಿಯಲೈಜಬಲ್‌ಗೆ ಏರಿಸಿದರೆ ವಹಿವಾಟಿನೊಳಗಿನ ಪ್ರತಿ ಓದೂ ತಾನು ಮುಟ್ಟಿದ ಸಾಲುಗಳಿಗೂ ಅವುಗಳ ನಡುವಿನ ಖಾಲಿ ಜಾಗಗಳಿಗೂ ಹಂಚಿಕೆಯ ಬೀಗ ಹಾಕುತ್ತದೆ. ಹಾಸನ, ಬೀದರ್ ಎರಡೂ ಬೀಗ ಹಿಡಿದು, ಎರಡೂ ಬರೆಯಲು ಹೋಗಿ, ಒಂದಕ್ಕಾಗಿ ಇನ್ನೊಂದು ಕಾಯುತ್ತವೆ. ಈ ಡೆಡ್‌ಲಾಕ್ ಅನ್ನು ಡೇಟಾಬೇಸ್ ಗುರುತಿಸಿ, ಒಂದನ್ನು `1213` ಎಂಬ ದೋಷದೊಡನೆ ರದ್ದು ಮಾಡುತ್ತದೆ. ಮತ್ತೆ ನಡೆಸುವ ಕೆಲಸ ಇಲ್ಲಿಯೂ ತಪ್ಪಿದ್ದಲ್ಲ.

ಸರಳ ಪರಿಹಾರ

`FOR UPDATE` ಎಂದು ಸೇರಿಸಿ ಇರುವ ಸಾಲುಗಳಿಗೆ ಬೀಗ ಹಾಕಿದರೆ ಆಗದೇ ಎಂದು ನೀವು ಕೇಳಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಅದನ್ನು `count(*)` ಜೊತೆ ಬಳಸಲು ಬಿಡುವುದೇ ಇಲ್ಲ. ಸಾಲುಗಳನ್ನೇ ತರಿಸಿಕೊಂಡು ಬೀಗ ಹಾಕಿದರೂ ಪ್ರಯೋಜನವಿಲ್ಲ. ಬೀದರಿನ ವಹಿವಾಟು ಕಾಯುತ್ತದೆ ನಿಜ. ಆದರೆ ಕಾದ ನಂತರ ಅದಕ್ಕೆ ಸಿಗುವುದು ಪ್ರಶ್ನೆ ಹೊರಟ ಕ್ಷಣದಲ್ಲಿದ್ದ ಅದೇ 39 ಸಾಲುಗಳು. ಹೊಸದಾಗಿ ಬಂದ 40ನೆಯದು ಆ ಪಟ್ಟಿಯಲ್ಲಿಲ್ಲ.

ಘರ್ಷಣೆಯೇ ಇಲ್ಲದಿರುವುದು ರೋಗವಾದರೆ, ಘರ್ಷಣೆಯನ್ನು ಬೇಕೆಂದೇ ತಂದುಕೊಳ್ಳುವುದು ಮದ್ದು. ಶಿಬಿರಗಳ ಕೋಷ್ಟಕದಲ್ಲಿ ಭರ್ತಿಯಾದ ಆಸನಗಳ ಸಂಖ್ಯೆಯನ್ನೇ ಒಂದು ಅಂಕಣವಾಗಿ ಇಡಿ. ಹೆಸರು ಸೇರಿಸುವ ಮೊದಲು ಇದನ್ನು ನಡೆಸಿ:

```sql
UPDATE camps SET filled = filled + 1
WHERE id = 7 AND filled < 40;
```

ಈಗ ಇಬ್ಬರೂ ಬರೆಯುವುದು ಒಂದೇ ಸಾಲನ್ನು. ರೀಡ್ ಕಮಿಟೆಡ್ ಮಟ್ಟದಲ್ಲಿ ಬೀದರಿನ ವಹಿವಾಟು ಹಾಸನದ್ದು ಮುಗಿಯುವವರೆಗೆ ಕಾಯುತ್ತದೆ. ಆಮೇಲೆ ಆ ಸಾಲಿನ ಹೊಸ ರೂಪಕ್ಕೆ ಷರತ್ತನ್ನು ಮತ್ತೆ ಹಚ್ಚಿ ನೋಡುತ್ತದೆ. 40 ಎಂಬುದು 40ಕ್ಕಿಂತ ಕಡಿಮೆಯಲ್ಲವಾದ್ದರಿಂದ ಬದಲಾದ ಸಾಲುಗಳ ಸಂಖ್ಯೆ ಸೊನ್ನೆ. ತಂತ್ರಾಂಶ ಆ ಸೊನ್ನೆಯನ್ನು ನೋಡಿ ಅಲ್ಲಿಗೇ ನಿಲ್ಲಬೇಕು. ಹಾಸನದ ವಹಿವಾಟು ರದ್ದಾದರೆ ಸಂಖ್ಯೆ 39ಕ್ಕೇ ಮರಳುತ್ತದೆ, ಆಸನ ಬೀದರಿಗೆ ಸಿಗುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಒಂದೇ ಶಿಬಿರದ ಎಲ್ಲ ನೋಂದಣಿಗಳೂ ಈಗ ಸಾಲಾಗಿ ನಿಲ್ಲುತ್ತವೆ. ಆದ್ದರಿಂದ ಈ ವಹಿವಾಟನ್ನು ಚಿಕ್ಕದಾಗಿಡಬೇಕು. ಬ್ಯಾಂಕಿನ ಉತ್ತರಕ್ಕಾಗಿ ಕಾಯುವಂಥ ಕೆಲಸವನ್ನು ಅದರೊಳಗೆ ಇಡಬಾರದು. ಹೆಸರು ರದ್ದು ಮಾಡುವಾಗ ಸಂಖ್ಯೆಯನ್ನು ಒಂದು ಕಡಿಮೆ ಮಾಡಲೂ ಮರೆಯಬಾರದು.

ನಿಮ್ಮ ಗಣಕದಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ಪೋಸ್ಟ್‌ಗ್ರೆಸ್‌ಗೆ ಎರಡು ಕಿಟಕಿಗಳಿಂದ ಸಂಪರ್ಕ ಮಾಡಿ, ಎರಡರಲ್ಲೂ `BEGIN ISOLATION LEVEL REPEATABLE READ;` ಎಂದು ಆರಂಭಿಸಿ. ಮೊದಲು ಎರಡರಲ್ಲೂ ಎಣಿಸಿ, ಆಮೇಲೆ ಎರಡರಲ್ಲೂ ಹೆಸರು ಸೇರಿಸಿ, ಕೊನೆಗೆ ಎರಡನ್ನೂ ಕಾಯಂ ಮಾಡಿ. 41 ಬರುವುದನ್ನು ಕಾಣುತ್ತೀರಿ. ಮಟ್ಟದ ಹೆಸರನ್ನು `SERIALIZABLE` ಎಂದು ಬದಲಿಸಿ ಅದೇ ಹೆಜ್ಜೆಗಳನ್ನು ಇಟ್ಟರೆ ಮೇಲಿನ ದೋಷ ಬರುತ್ತದೆ. ಸಂದರ್ಶನದಲ್ಲಿ ಯಾವ ಮಟ್ಟ ಬಳಸುತ್ತೀರಿ ಎಂದು ಕೇಳಿದರೆ, ಹೆಸರು ಹೇಳುವ ಮೊದಲು ಎರಡು ಸಂಗತಿಗಳನ್ನು ವಿಚಾರಿಸಿಕೊಳ್ಳಿ. ಮುರಿಯಬಾರದ ನಿಯಮ ಯಾವುದು? ಡೇಟಾಬೇಸ್ ಯಾವುದು? ಇವೆರಡು ತಿಳಿಯದೆ ಆ ಪ್ರಶ್ನೆಗೆ ಉತ್ತರವಿಲ್ಲ.