ವಿದೇಶದಲ್ಲಿ ಇಳಿದ ಫೋನಿಗೆ ಡೇಟಾ ಬಾರದಿದ್ದರೆ

ಬೆಂಗಳೂರಿನಿಂದ ದುಬೈಗೆ ಹೋದ ಫೋನಿನಲ್ಲಿ ಅಲ್ಲಿನ ಜಾಲದ ಹೆಸರು ಕಾಣುತ್ತದೆ, ಸಿಗ್ನಲ್ ಗೆರೆಗಳೂ ತುಂಬಿರುತ್ತವೆ. ವಾಟ್ಸಾಪ್ ಮಾತ್ರ ತೆರೆಯುವುದಿಲ್ಲ. ಕರೆ, ಸಂದೇಶಗಳಿಗೆ ಸಿಗುವ ಅನುಮತಿಯೇ ಬೇರೆ, ಡೇಟಾಕ್ಕೆ ಸಿಗುವ ಅನುಮತಿಯೇ ಬೇರೆ. ಹಾಗಾಗಿ ಎಸ್ಸೆಮ್ಮೆಸ್ ಬಂದಿತೆಂದರೆ ಸಿಮ್ ಅಲ್ಲಿನ ಜಾಲಕ್ಕೆ ಸೇರಿಕೊಂಡಿದೆ ಎಂದಷ್ಟೇ ಅರ್ಥ.

ಮೊದಲು ನೋಡಬೇಕಾದದ್ದು Data Roaming ಗುಂಡಿ. ದೊಡ್ಡ ಬಿಲ್ ಬಾರದಿರಲೆಂದು ಸಾಮಾನ್ಯವಾಗಿ ಅದು ಮುಚ್ಚಿಯೇ ಇರುತ್ತದೆ. ಎರಡು ಸಿಮ್ ಇರುವ ಫೋನಿನಲ್ಲಿ ಪ್ರತಿ ಸಿಮ್‌ಗೂ ಬೇರೆ ಗುಂಡಿ. ಪ್ಯಾಕ್ ಹಾಕಿಸಿದ್ದು ಒಂದಕ್ಕೆ, ಡೇಟಾ ಆಯ್ಕೆಯಾಗಿರುವುದು ಇನ್ನೊಂದಕ್ಕೆ ಆಗಿರುವುದುಂಟು.

ಆದರೆ ಪ್ಯಾಕ್ ಜಾರಿಯಾಗಿದೆಯೆಂದು ಖಚಿತವಾಗುವ ಮೊದಲು ಆ ಗುಂಡಿ ಒತ್ತುವುದು ಜಾಣತನವಲ್ಲ. ವಿಮಾನ ನಿಲ್ದಾಣದ ವೈಫೈ ಹಿಡಿದು ಕಂಪನಿಯ ಆ್ಯಪ್ ತೆರೆದರೆ ಪ್ಯಾಕ್ ಯುಎಇಗೆ ಅನ್ವಯಿಸುತ್ತದೆಯೇ, ಆರಂಭವಾಗಿದೆಯೇ ಎಂಬುದು ತಿಳಿಯುತ್ತದೆ.

ಗುಂಡಿಯೂ ಸರಿ, ಪ್ಯಾಕೂ ಸರಿ, ಡೇಟಾ ಇಲ್ಲವೆಂದಾದರೆ ಜಾಲದ ಆಯ್ಕೆಯನ್ನು ಅನುಮಾನಿಸಬೇಕು. ಎಷ್ಟೋ ಪ್ಯಾಕ್‌ಗಳು ಒಪ್ಪಂದವಿರುವ ಜಾಲದಲ್ಲಿ ಮಾತ್ರ ನಡೆಯುತ್ತವೆ. ಫೋನ್ ತಾನಾಗಿ ಹಿಡಿದದ್ದು ಅದಲ್ಲದಿರಬಹುದು. ಸೆಟ್ಟಿಂಗ್ಸ್‌ನಲ್ಲಿ ಸ್ವಯಂಚಾಲಿತ ಆಯ್ಕೆ ತೆಗೆದರೆ, ಒಂದೆರಡು ನಿಮಿಷದ ಹುಡುಕಾಟದ ನಂತರ ಪಟ್ಟಿ ಬರುತ್ತದೆ. ಆ್ಯಪ್‌ನಲ್ಲಿ ಸೂಚಿಸಿದ ಹೆಸರನ್ನು ಅದರಿಂದ ಆರಿಸಿ, ಏರೋಪ್ಲೇನ್ ಮೋಡ್ ಹಾಕಿ ತೆಗೆದರೆ ಫೋನ್ ಹೊಸದಾಗಿ ನೋಂದಾಯಿಸಿಕೊಳ್ಳುತ್ತದೆ. ಊರಿಗೆ ಮರಳುವಾಗ ಆಯ್ಕೆಯನ್ನು ಮತ್ತೆ ಸ್ವಯಂಚಾಲಿತಕ್ಕೆ ತರದಿದ್ದರೆ, ಬೆಂಗಳೂರಿನಲ್ಲೂ ಫೋನ್ ದುಬೈ ಜಾಲವನ್ನೇ ಹುಡುಕುತ್ತಿರಬಹುದು.