ಒಡೆಯುವ ಮೊದಲೇ ವಿಂಗಡಣೆ: ಗಾಜಿನ ಬಣ್ಣ, ಪಿಂಗಾಣಿ ಹಾಗೂ ಶಾಖನಿರೋಧಕ ಗಾಜು

ಗ್ರಾಮ ಪಂಚಾಯಿತಿಗಳ ಘನತ್ಯಾಜ್ಯ ವಿಲೇವಾರಿ ಘಟಕಕ್ಕೆ ಬರುವ ಒಣ ಕಸದಲ್ಲಿ ಗಾಜು ಹೆಚ್ಚು ಜಾಗ ಹಿಡಿಯುತ್ತದೆ. ಆದ್ದರಿಂದ ಬಾಟಲಿಗಳನ್ನು ಬಂದೊಡನೆ ಒಡೆದು ಒಂದೇ ಚೀಲಕ್ಕೆ ತುಂಬಿಡುವುದು ಸುಲಭವೆನಿಸುತ್ತದೆ. ಆದರೆ ಹಾಗೆ ತುಂಬಿದ ಚೀಲಗಳನ್ನು ಖರೀದಿದಾರರು ಕಡಿಮೆ ದರಕ್ಕೆ ಕೇಳುತ್ತಾರೆ. ಕೆಲವೊಮ್ಮೆ ಇಡೀ ಲೋಡನ್ನು ಹಿಂದಿರುಗಿಸುವುದೂ ಉಂಟು. ನಷ್ಟ ತಟ್ಟುವುದು ಘಟಕದ ಆದಾಯಕ್ಕೆ ಮತ್ತು ಅಲ್ಲಿ ದುಡಿಯುವ ಸ್ವಸಹಾಯ ಸಂಘದ ಮಹಿಳೆಯರಿಗೆ. ಖರೀದಿದಾರರ ಈ ಕಟ್ಟುನಿಟ್ಟಿನ ಕಾರಣ ಗಾಜಿನ ಕುಲುಮೆಯೊಳಗೆ ಇದೆ. ಅದನ್ನು ಮಾನ್ಯ ಸದಸ್ಯರ ಗಮನಕ್ಕೆ ಇಲ್ಲಿ ವಿವರಿಸಲಾಗಿದೆ.

ಸಾಮಾನ್ಯ ಬಾಟಲಿಯ ಗಾಜು ಮರಳು, ಸೋಡಾ ಮತ್ತು ಸುಣ್ಣಕಲ್ಲುಗಳನ್ನು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ ಮಾಡಿದ್ದು. ಇದರೊಡನೆ ಹಳೆಯ ಗಾಜಿನ ಚೂರನ್ನು ಸೇರಿಸಿದರೆ ಮಿಶ್ರಣ ಬೇಗ ಕರಗುತ್ತದೆ. ಚೂರಿನ ಪ್ರಮಾಣ ಶೇಕಡ 10ರಷ್ಟು ಹೆಚ್ಚಿದಂತೆಲ್ಲ ಇಂಧನದಲ್ಲಿ ಸುಮಾರು ಶೇಕಡ 2.5ರಿಂದ 3ರಷ್ಟು ಉಳಿತಾಯವಾಗುತ್ತದೆ. ಕಾರ್ಖಾನೆಗಳು ಗಾಜಿನ ಚೂರಿಗೆ ಹಣ ಕೊಡುವುದು ಈ ಲಾಭಕ್ಕಾಗಿ. ಚೂರು ಕುಲುಮೆಯನ್ನು ಕೆಡಿಸುವಂತಿದ್ದರೆ ಆ ಲಾಭವೇ ಇಲ್ಲವಾಗುತ್ತದೆ.

ಮೊದಲನೆಯದು ಬಣ್ಣದ ವಿಚಾರ. ಗಾಜಿನ ಬಣ್ಣ ಮೇಲೆ ಹಚ್ಚಿದ್ದಲ್ಲ, ಅದು ಗಾಜಿನ ಒಳಗೇ ಬೆರೆತಿರುತ್ತದೆ. ಹಸಿರು ಬಾಟಲಿಗೆ ಆ ಬಣ್ಣ ಬರುವುದು ಕ್ರೋಮಿಯಂ ಆಕ್ಸೈಡಿನಿಂದ. ಅದರ ಪ್ರಮಾಣ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ. ಕಂದು ಬಾಟಲಿಗೆ ಬಣ್ಣ ಕೊಡುವುದು ಕಬ್ಬಿಣ ಮತ್ತು ಗಂಧಕದ ಸಂಯೋಗ. ಕರಗಿದ ಗಾಜಿನಿಂದ ಈ ವಸ್ತುಗಳನ್ನು ಹೊರತೆಗೆಯುವ ಕಾರ್ಯಸಾಧ್ಯ ವಿಧಾನವಿಲ್ಲ. ಆದ್ದರಿಂದ ಬಿಳಿ ಗಾಜಿನ ಕುಲುಮೆಗೆ ಹಸಿರು ಚೂರು ಬಿದ್ದರೆ ಅಲ್ಲಿಂದ ಹೊರಬರುವ ಬಾಟಲಿಗಳೆಲ್ಲ ಹಸಿರು ಛಾಯೆ ಹೊತ್ತಿರುತ್ತವೆ. ಹಸಿರು ಗಾಜಿನಲ್ಲಿ ಬಿಳಿ ಚೂರು ಅಷ್ಟಿಷ್ಟು ಸೇರಿದರೆ ಸಹಿಸಬಹುದು, ಬಿಳಿ ಗಾಜಿನಲ್ಲಿ ಬಣ್ಣದ ಚೂರನ್ನು ಸಹಿಸಲಾಗದು. ಬೆರಕೆ ಗಾಜಿನ ದರ ಬಿಳಿ ಗಾಜಿಗಿಂತ ಕಡಿಮೆಯಿರುವುದು ಇದೇ ಕಾರಣದಿಂದ.

ಕಂದು ಚೂರಿನಿಂದ ಇನ್ನೊಂದು ತೊಡಕೂ ಇದೆ. ಕಂದು ಗಾಜನ್ನು ಆಮ್ಲಜನಕ ಕಡಿಮೆಯಿರುವ ಸ್ಥಿತಿಯಲ್ಲಿ ಕರಗಿಸಲಾಗುತ್ತದೆ, ಬಿಳಿ ಗಾಜನ್ನು ಅದಕ್ಕೆ ವಿರುದ್ಧವಾದ ಸ್ಥಿತಿಯಲ್ಲಿ. ಇವೆರಡೂ ಕುಲುಮೆಯಲ್ಲಿ ಬೆರೆತಾಗ ಅವುಗಳಲ್ಲಿರುವ ಗಂಧಕದ ಅಂಶಗಳು ಪರಸ್ಪರ ವರ್ತಿಸಿ ಅನಿಲ ಬಿಡುಗಡೆಯಾಗುತ್ತದೆ. ಹಾಲು ಉಕ್ಕುವಂತೆ ದ್ರವದ ಮೇಲೆ ನೊರೆ ಏಳುತ್ತದೆ. ನೊರೆಯ ಪದರ ಜ್ವಾಲೆಯ ಶಾಖವನ್ನು ಕೆಳಗಿಳಿಯಲು ಬಿಡದು, ಬಾಟಲಿಯ ಗೋಡೆಯಲ್ಲಿ ಗುಳ್ಳೆಗಳೂ ಉಳಿಯುತ್ತವೆ. ಹೀಗಾಗಿ ಬಿಳಿ, ಹಸಿರು, ಕಂದು ಎಂಬ ಮೂರು ಪ್ರತ್ಯೇಕ ರಾಶಿಗಳು ಅಗತ್ಯ.

ಎರಡನೆಯದು ಪಿಂಗಾಣಿ. ಉಪ್ಪಿನಕಾಯಿ ಜಾಡಿ, ಚಹಾ ಕಪ್ಪು, ನೆಲದ ಟೈಲ್ಸು, ಹಳೆಯ ಫ್ಯೂಸ್ ಹಿಡಿಕೆ, ವಿದ್ಯುತ್ ಕಂಬದ ಬಿಳಿ ಇನ್ಸುಲೇಟರು ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಇವು ಸುಟ್ಟ ಜೇಡಿಮಣ್ಣಿನ ವಸ್ತುಗಳು. ಬಾಟಲಿ ಗಾಜು ಕುಲುಮೆಯಲ್ಲಿರುವ ಅವಧಿಯಲ್ಲಿ ಇವು ಪೂರ್ತಿ ಕರಗುವುದಿಲ್ಲ. ಕರಗದೆ ಉಳಿದ ಕಣ ದ್ರವದೊಡನೆ ಸಾಗಿ ಬಾಟಲಿಯ ಗೋಡೆಯಲ್ಲಿ ಹುದುಗಿಕೊಳ್ಳುತ್ತದೆ. ಕಾರ್ಖಾನೆಯವರು ಇದನ್ನು ಕಲ್ಲು ಎಂದೇ ಕರೆಯುತ್ತಾರೆ. ಬಾಟಲಿ ತಣ್ಣಗಾಗುವಾಗ ಗಾಜು ಕುಗ್ಗುವ ಪ್ರಮಾಣ ಒಂದು, ಕಲ್ಲು ಕುಗ್ಗುವ ಪ್ರಮಾಣ ಇನ್ನೊಂದು. ಆದ್ದರಿಂದ ಕಲ್ಲಿನ ಸುತ್ತ ಬಿಗಿತ ಉಂಟಾಗಿ ಸೂಕ್ಷ್ಮ ಬಿರುಕು ಮೂಡುತ್ತದೆ. ಅಂತಹ ಬಾಟಲಿ ತಪಾಸಣೆಯಲ್ಲಿ ತಿರಸ್ಕೃತವಾಗಬೇಕು. ತಪ್ಪಿಸಿಕೊಂಡು ಹೋದರೆ ಸೋಡಾ ತುಂಬಿದ ಒತ್ತಡಕ್ಕೆ ಒಡೆಯಬಹುದು.

ಎಷ್ಟು ಪಿಂಗಾಣಿಯನ್ನು ಸಹಿಸಬಹುದೆಂಬುದಕ್ಕೆ ಯೂರೋಪಿಯನ್ ಒಕ್ಕೂಟದ 2012ರ ನಿಯಮವನ್ನು ಅಳತೆಯಾಗಿ ನೋಡಬಹುದು. ಒಂದು ಮಿಲಿಮೀಟರಿಗಿಂತ ದೊಡ್ಡ ಗಾಜಿನ ಚೂರಿನಲ್ಲಿ ಪಿಂಗಾಣಿ, ಕಲ್ಲು ಮುಂತಾದವು ಒಂದು ಟನ್ನಿಗೆ 100 ಗ್ರಾಂಗಿಂತ ಕಡಿಮೆ ಇರಬೇಕೆಂದು ಅದು ವಿಧಿಸುತ್ತದೆ. ಒಂದು ಘಟಕವು 5 ಟನ್ ಗಾಜು ಸಂಗ್ರಹಿಸಿದೆ ಎಂದುಕೊಳ್ಳೋಣ. ಅದರೊಳಗೆ ಒಂದು ಕಿಲೋ ತೂಕದ ಒಂದೇ ಒಂದು ಉಪ್ಪಿನಕಾಯಿ ಜಾಡಿ ಒಡೆದು ಸೇರಿದರೆ ಟನ್ನಿಗೆ 200 ಗ್ರಾಂ ಆಯಿತು, ಅಂದರೆ ಮಿತಿಯ ಎರಡರಷ್ಟು. ಆ ಜಾಡಿ ಇಡಿಯಾಗಿದ್ದಾಗ ಅದನ್ನು ಕೈಯಿಂದ ಎತ್ತಿಡಲು ಕ್ಷಣ ಸಾಕಿತ್ತು. ಐದು ಮಿಲಿಮೀಟರ್ ಗಾತ್ರದ ಚೂರುಗಳಾದರೆ ಅದೇ ಜಾಡಿ ಮೂರು ಸಾವಿರಕ್ಕೂ ಹೆಚ್ಚು ತುಂಡುಗಳಾಗಿ 5 ಟನ್ ರಾಶಿಯಲ್ಲಿ ಹರಡಿಹೋಗುತ್ತದೆ. ಆ ಬಳಿಕ ಅದನ್ನು ಆರಿಸುವುದು ಯಾರಿಂದಲೂ ಆಗದು.

ಮೂರನೆಯದು ಶಾಖನಿರೋಧಕ ಗಾಜು. ಇದು ಕಣ್ಣಿಗೆ ಸಾಮಾನ್ಯ ಗಾಜಿನಂತೆಯೇ ಕಾಣುವುದರಿಂದ ಹೆಚ್ಚು ಮೋಸಗೊಳಿಸುತ್ತದೆ. ಓವನ್ನಿನಲ್ಲಿಡುವ ಗಾಜಿನ ಬಟ್ಟಲು, ಶಾಲಾ ಪ್ರಯೋಗಾಲಯದ ಬೀಕರು, ಪ್ರನಾಳ ಇವುಗಳಲ್ಲಿ ಹೆಚ್ಚಿನವು ಬೋರೋಸಿಲಿಕೇಟ್ ಗಾಜಿನವು. ಅದರಲ್ಲಿ ಸುಣ್ಣದ ಬದಲು ಬೋರಾನ್ ಆಕ್ಸೈಡ್ ಇರುತ್ತದೆ, ಮರಳಿನ ಅಂಶವೂ ಹೆಚ್ಚು. ಬಾಟಲಿ ಗಾಜು ಬೇಕಾದಷ್ಟು ತೆಳುವಾಗಿ ಹರಿಯುವ ಶಾಖದಲ್ಲಿಯೂ ಇದು ಅಂಟಂಟಾಗಿ ಗಟ್ಟಿಯಾಗಿಯೇ ಉಳಿದು, ದ್ರವದಲ್ಲಿ ಗಂಟು ಹಾಗೂ ಎಳೆಗಳಾಗಿ ನಿಲ್ಲುತ್ತದೆ. ತಣಿಯುವಾಗ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ: 500 ಡಿಗ್ರಿ ಶಾಖ ಇಳಿದಾಗ 100 ಮಿಲಿಮೀಟರ್ ಉದ್ದದ ಬಾಟಲಿ ಗಾಜು ಸುಮಾರು 0.45 ಮಿಲಿಮೀಟರ್ ಕುಗ್ಗಿದರೆ, ಬೋರೋಸಿಲಿಕೇಟ್ ಸುಮಾರು 0.17 ಮಿಲಿಮೀಟರ್ ಮಾತ್ರ ಕುಗ್ಗುತ್ತದೆ. ಒಂದೇ ಗೋಡೆಯಲ್ಲಿ ಇವೆರಡೂ ಇದ್ದರೆ ಬಿರುಕು ಅನಿವಾರ್ಯ. ಇಂಡಕ್ಷನ್ ಒಲೆಯ ಮೇಲ್ಮೈ ಹಲಗೆಯೂ ಗಾಜಿನಂತೆ ಹೊಳೆಯುತ್ತದೆ. ಅದೂ ಬಾಟಲಿಯ ಕುಲುಮೆಗೆ ಸಲ್ಲದು.

ಕಾರ್ಖಾನೆಯ ಯಂತ್ರ ಇವನ್ನೆಲ್ಲ ಹಿಡಿಯುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಸಾಮಾನ್ಯ ಯಂತ್ರವು ಚೂರಿನ ಮೂಲಕ ಬೆಳಕು ಹಾಯಿಸಿ, ಬೆಳಕು ದಾಟದ ತುಂಡನ್ನು ಗಾಳಿಯಿಂದ ಊದಿ ಹೊರಹಾಕುತ್ತದೆ. ಪಿಂಗಾಣಿ ಹಲವು ವೇಳೆ ಹೀಗೆ ಸಿಕ್ಕಿಬೀಳುತ್ತದೆ. ಬೋರೋಸಿಲಿಕೇಟ್ ಪಾರದರ್ಶಕವಾದುದರಿಂದ ದಾಟಿಹೋಗುತ್ತದೆ. ಅದನ್ನು ಗುರುತಿಸಲು ನೇರಳಾತೀತ ಕಿರಣ ಅಥವಾ ಎಕ್ಸ್‌ರೇ ಬಳಸುವ ಪ್ರತ್ಯೇಕ ಯಂತ್ರ ಬೇಕು.

ಘಟಕದ ಮಟ್ಟದಲ್ಲಿ ಗುರುತಿಸಲು ಎರಡು ಸರಳ ಉಪಾಯಗಳಿವೆ. ಒಡೆದ ಅಂಚನ್ನು ನೋಡಿದರೆ ಗಾಜು ನುಣುಪಾಗಿ ಹೊಳೆಯುತ್ತದೆ, ಪಿಂಗಾಣಿ ಮಬ್ಬಾಗಿದ್ದು ಬೆಳಕನ್ನು ಬಿಡದು. ಅನುಮಾನವಿರುವ ಬಿಳಿ ಗಾಜಿನ ತುಂಡನ್ನು ತೊಳೆದು ಒರೆಸಿ, ತಿಳಿಯಾದ ಸೂರ್ಯಕಾಂತಿ ಎಣ್ಣೆ ಅಥವಾ ಗ್ಲಿಸರಿನ್ ಇರುವ ಲೋಟದಲ್ಲಿ ಇಳಿಬಿಡಬೇಕು. ಬೆಳಕನ್ನು ಬಾಗಿಸುವ ಗುಣ ಎಣ್ಣೆಗೂ ಬೋರೋಸಿಲಿಕೇಟ್ ಗಾಜಿಗೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅದರ ಅಂಚು ಕಣ್ಮರೆಯಾದಂತೆ ತೋರುತ್ತದೆ. ಬಾಟಲಿ ಗಾಜಿನ ಅಂಚು ಸ್ಪಷ್ಟವಾಗಿ ಉಳಿಯುತ್ತದೆ. ಪ್ರತಿಯೊಂದು ತುಂಡಿಗೂ ಈ ಪರೀಕ್ಷೆ ಸಾಧ್ಯವಿಲ್ಲ. ಒಲೆ, ಓವನ್, ಪ್ರಯೋಗಾಲಯಗಳಲ್ಲಿ ಬಳಸಿದ ಪಾತ್ರೆಯೆಂದು ತಿಳಿದರೆ ಪರೀಕ್ಷಿಸದೆಯೇ ಬದಿಗಿಡುವುದು ಕ್ಷೇಮ.

ಆದ್ದರಿಂದ ಘಟಕದಲ್ಲಿ ಅನುಸರಿಸಬೇಕಾದ ಕ್ರಮ ಹೀಗಿದೆ. ಗಾಜು ಬಂದ ಸ್ಥಿತಿಯಲ್ಲಿಯೇ ಮೊದಲು ಪಿಂಗಾಣಿ, ಟೈಲ್ಸು ಮತ್ತು ಶಾಖನಿರೋಧಕ ಪಾತ್ರೆಗಳನ್ನು ತೆಗೆದಿಡುವುದು. ಪಾದರಸವಿರುವ ಟ್ಯೂಬ್‌ಲೈಟುಗಳನ್ನು ಒಡೆಯದೆ ಅಪಾಯಕಾರಿ ತ್ಯಾಜ್ಯದ ಡಬ್ಬಿಗೆ ಹಾಕುವುದು. ಮರುಬಳಕೆಗೆ ಯೋಗ್ಯವಾದ ಇಡೀ ಬಾಟಲಿಗಳನ್ನು ಬೇರೆಯಾಗಿ ಮಾರುವುದು. ಉಳಿದುದನ್ನು ಬಿಳಿ, ಹಸಿರು, ಕಂದು ಎಂದು ಮೂರು ರಾಶಿ ಮಾಡಿ, ಅಗತ್ಯವಿದ್ದಲ್ಲಿ ಕೊನೆಯಲ್ಲಿ ಮಾತ್ರ ಒಡೆಯುವುದು. ಗಾಜಿನ ರಾಶಿಯನ್ನು ಮಣ್ಣಿನ ನೆಲದ ಮೇಲೆ ಹಾಕಿದರೆ ಕಲ್ಲುಹರಳು ಸೇರಿಕೊಂಡು ಪಿಂಗಾಣಿಯಷ್ಟೇ ಹಾನಿ ಮಾಡುವುದರಿಂದ, ಸಿಮೆಂಟ್ ನೆಲ ಅಥವಾ ತಗಡಿನ ಮೇಲೆಯೇ ರಾಶಿ ಹಾಕತಕ್ಕದ್ದು. ಘಟಕಕ್ಕೆ ಭೇಟಿ ನೀಡುವ ಸದಸ್ಯರು ಒಡೆದ ಗಾಜಿನ ಚೀಲವೊಂದನ್ನು ತೆರೆಸಿ, ಅದರಲ್ಲಿ ಬೆಳಕು ಬಿಡದ ಚೂರುಗಳಿವೆಯೇ ಎಂಬುದನ್ನು ಪರಿಶೀಲಿಸುವುದು.